ಟಕ್ ಅಂದಿತು ನಿಜ, ಪಿನ್ ಏನಾಯಿತು?

ಇಂಜಿನಿಯರಿಂಗ್, ಪಾಲಿಟೆಕ್ನಿಕ್ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಪ್ರದರ್ಶನ ನಡೆಯುವ ದಿನ ಒಂದು ಸುತ್ತು ಹಾಕಿ ಬಂದರೆ ಸಾಕು, ಒಂದು ದೃಶ್ಯ ಖಂಡಿತ ಕಣ್ಣಿಗೆ ಬೀಳುತ್ತದೆ. ಮೇಜಿನ ಮೇಲೆ ಒಂದು ಆರ್ಡುಯಿನೊ ಊನೊ ಬೋರ್ಡು. ಪಕ್ಕದಲ್ಲಿ ಸಕ್ಕರೆ ಅಚ್ಚಿನಷ್ಟು ದೊಡ್ಡದಾದ ನೀಲಿ ಬಣ್ಣದ ರಿಲೇ. ಬೋರ್ಡಿನ 8ನೇ ಪಿನ್ನಿನಿಂದ ಒಂದು ಜಂಪರ್ ವೈರು ನೇರವಾಗಿ ರಿಲೇಯ ಸುರುಳಿಗೆ, ಸುರುಳಿಯ ಇನ್ನೊಂದು ತುದಿ ಗ್ರೌಂಡಿಗೆ. ನಡುವೆ ಬೇರೇನೂ ಇಲ್ಲ. ಮಣ್ಣು ಒಣಗಿದೆ ಎಂದು ಸೆನ್ಸರ್ ಹೇಳಿದ ತಕ್ಷಣ ರಿಲೇ ಟಕ್ ಎನ್ನುತ್ತದೆ, ಪಂಪು ತಿರುಗುತ್ತದೆ, ನೋಡುವವರು ಚಪ್ಪಾಳೆ ತಟ್ಟುತ್ತಾರೆ.

ಅಂಥದೊಂದು ಮೇಜಿನ ಮುಂದೆ ನಿಂತು ಅಲ್ಲಿದ್ದ ಹುಡುಗನನ್ನು ಕೇಳಿದೆ: "ಏನಪ್ಪಾ, ಈ ಪಿನ್ನು ಎಷ್ಟು ಕರೆಂಟು ಕೊಡುತ್ತೆ ಅಂತ ಡೇಟಾಶೀಟ್ ನೋಡಿದ್ದೀಯಾ?"

"ನೋಡಿದ್ದೀನಿ ಸರ್. ನಲವತ್ತು ಮಿಲಿಆಂಪ್."

"ರಿಲೇ ಎಷ್ಟು ಕೇಳುತ್ತೆ?"

"ಅದು ಎಪ್ಪತ್ತರ ಹತ್ತಿರ ಅಂತ ಇದೆ ಸರ್. ಆದರೆ ಕೆಲಸ ಮಾಡ್ತಾ ಇದೆಯಲ್ಲ!"

ಹುಡುಗ ಸೋಮಾರಿಯಲ್ಲ, ನೋಡಿ. ಡೇಟಾಶೀಟ್ ತೆರೆದಿದ್ದಾನೆ, ಎರಡು ಅಂಕಿಗಳನ್ನೂ ಕಂಡಿದ್ದಾನೆ. 40 ಕೊಡಬಲ್ಲ ಪಿನ್ನು 70 ಕೇಳುವ ರಿಲೇಯನ್ನು ಹೇಗೆ ಎಳೆಯಿತು ಎಂದು ಮಾತ್ರ ಅವನು ಕೇಳಿಕೊಂಡಿರಲಿಲ್ಲ. ಈ ಹೊತ್ತು ಆ ಪ್ರಶ್ನೆಯನ್ನೇ ಹಿಡಿದು ಹೊರಡೋಣ. ಹಾಗೆ ಹೊರಟರೆ ಡೇಟಾಶೀಟಿನಲ್ಲಿ ಯಾವ ಪುಟವನ್ನು ಯಾತಕ್ಕಾಗಿ ಓದಬೇಕು ಎಂಬುದು ದಾರಿಯಲ್ಲೇ ತಿಳಿಯುತ್ತದೆ.

ಊನೊ ಬೋರ್ಡಿನ ಮೇಲಿರುವ ಚಿಪ್ಪಿನ ಹೆಸರು ಎಟಿಮೆಗಾ 328ಪಿ. ಮೊದಲು ಅಟ್ಮೆಲ್ ಕಂಪನಿ ತಯಾರಿಸುತ್ತಿತ್ತು, 2016ರಲ್ಲಿ ಆ ಕಂಪನಿಯನ್ನು ಮೈಕ್ರೋಚಿಪ್ ಕೊಂಡುಕೊಂಡಿತು. ಈ ಚಿಪ್ಪಿನ ಪೂರ್ಣ ಡೇಟಾಶೀಟ್ ಆರುನೂರಕ್ಕೂ ಹೆಚ್ಚು ಪುಟಗಳದು. ಗಾಬರಿ ಬೇಡ. ಲೋಡ್ ಜೋಡಿಸುವವನಿಗೆ ಬೇಕಾದದ್ದು ಕೊನೆಯ ಭಾಗದಲ್ಲಿರುವ ವಿದ್ಯುತ್ ಗುಣಲಕ್ಷಣಗಳ ಅಧ್ಯಾಯ, ಅದರಲ್ಲೂ ಮೊದಲ ಕೆಲವು ಪುಟಗಳು ಮಾತ್ರ.

ಅಧ್ಯಾಯ ಶುರುವಾಗುವುದೇ ಅಬ್ಸಲ್ಯೂಟ್ ಮ್ಯಾಕ್ಸಿಮಮ್ ರೇಟಿಂಗ್ಸ್ ಎಂಬ ಚಿಕ್ಕ ಪಟ್ಟಿಯಿಂದ. ಇದನ್ನು ನಾನು ಪರಮ ಮಿತಿಗಳ ಪಟ್ಟಿ ಎಂದು ಕರೆಯುತ್ತೇನೆ. ಅದರಲ್ಲಿರುವುದು ಬೆರಳೆಣಿಕೆಯ ಸಾಲುಗಳು. ಚಿಪ್ಪಿಗೆ ಕೊಡುವ ವೋಲ್ಟೇಜು 6 ವೋಲ್ಟ್ ದಾಟಬಾರದು. ರಿಸೆಟ್ ಒಂದನ್ನು ಬಿಟ್ಟು ಉಳಿದ ಯಾವ ಪಿನ್ನಿನ ಮೇಲೂ ವೋಲ್ಟೇಜು ಸೊನ್ನೆಗಿಂತ ಅರ್ಧ ವೋಲ್ಟ್ ಕೆಳಗೆ ಇಳಿಯಬಾರದು, ಪೂರೈಕೆ ವೋಲ್ಟೇಜಿಗಿಂತ ಅರ್ಧ ವೋಲ್ಟ್ ಮೇಲೆ ಏರಬಾರದು. ಒಂದು ಪಿನ್ನಿನ ಕರೆಂಟು 40 ಮಿಲಿಆಂಪ್. ಚಿಪ್ಪಿನ ಪೂರೈಕೆ ಮತ್ತು ಗ್ರೌಂಡ್ ಪಿನ್ನುಗಳ ಕರೆಂಟು 200 ಮಿಲಿಆಂಪ್.

ಪಟ್ಟಿಯ ಜೊತೆಗೇ ಒಂದು ಸಣ್ಣ ಅಕ್ಷರದ ಟಿಪ್ಪಣಿ ಇದೆ. ಅದನ್ನು ಓದುವವರು ಕಡಿಮೆ. ಅದು ಹೇಳುವುದು ಮೂರು ಮಾತು. ಈ ಅಂಕಿಗಳನ್ನು ದಾಟಿದರೆ ಚಿಪ್ಪು ಶಾಶ್ವತವಾಗಿ ಕೆಡಬಹುದು. ಈ ಅಂಕಿಗಳ ಮಟ್ಟದಲ್ಲಿ ಚಿಪ್ಪು ಸರಿಯಾಗಿ ಕೆಲಸ ಮಾಡುತ್ತದೆ ಎಂದು ನಾವು ಹೇಳುತ್ತಿಲ್ಲ. ದಾಟದೆ ಇದ್ದರೂ ಬಹಳ ಹೊತ್ತು ಈ ಮಟ್ಟದಲ್ಲೇ ಇಟ್ಟರೆ ಚಿಪ್ಪಿನ ಬಾಳಿಕೆಗೆ ಪೆಟ್ಟು ಬೀಳಬಹುದು. ಈ ಎರಡನೆಯ ಮತ್ತು ಮೂರನೆಯ ಮಾತನ್ನು ಓದಿದ ಮೇಲೆ, "ಪಿನ್ನು 40 ಮಿಲಿಆಂಪ್ ಕೊಡುತ್ತದೆ" ಎಂಬ ವಾಕ್ಯವನ್ನು ಯಾರೂ ಆಡಲಾರರು. ಲಿಫ್ಟಿನೊಳಗೆ ಇಷ್ಟು ಜನ ಎಂದು ಬರೆದಿರುತ್ತಾರಲ್ಲ, ಅದು ಕೆಲಸದ ಅಂಕಿ. ಅದರ ಹಗ್ಗ ಹರಿಯುವ ತೂಕ ಬೇರೆಯೇ ಇರುತ್ತದೆ. ನಮ್ಮ 40 ಮಿಲಿಆಂಪ್ ಎರಡನೆಯ ಜಾತಿಗೆ ಸೇರಿದ್ದು.

ಹಾಗಾದರೆ ಕೆಲಸದ ಅಂಕಿ ಎಲ್ಲಿದೆ? ಮುಂದಿನ ಪಟ್ಟಿಯಲ್ಲಿ. ಅದಕ್ಕೆ ಡಿಸಿ ಕ್ಯಾರೆಕ್ಟರಿಸ್ಟಿಕ್ಸ್ ಎಂದು ಹೆಸರು. ಪಿನ್ನನ್ನು ಹೈ ಮಾಡಿ, ಅದರಿಂದ 20 ಮಿಲಿಆಂಪ್ ಎಳೆದಾಗ, ಪೂರೈಕೆ 5 ವೋಲ್ಟ್ ಇದ್ದರೆ, ಪಿನ್ನಿನ ಮೇಲೆ ಕನಿಷ್ಠ 4.2 ವೋಲ್ಟ್ ಉಳಿದಿರುತ್ತದೆ ಎಂದು ಅಲ್ಲಿ ಬರೆದಿದೆ. ಪಿನ್ನನ್ನು ಲೋ ಮಾಡಿ ಅದರೊಳಕ್ಕೆ 20 ಮಿಲಿಆಂಪ್ ಬಿಟ್ಟರೆ ಪಿನ್ನು ಸೊನ್ನೆಯಿಂದ ಹೆಚ್ಚೆಂದರೆ 0.9 ವೋಲ್ಟ್ ಮೇಲೇಳುತ್ತದೆ. ಇವು 85 ಡಿಗ್ರಿ ಸೆಲ್ಸಿಯಸ್‌ವರೆಗಿನ ಮಾತು. ಪೂರೈಕೆ 3 ವೋಲ್ಟಿಗೆ ಇಳಿದರೆ ಈ ಭರವಸೆ 20ಕ್ಕಲ್ಲ, 10 ಮಿಲಿಆಂಪಿಗೆ ಮಾತ್ರ. ತಯಾರಕರು ಅಳೆದು ನೋಡಿ, ಜವಾಬ್ದಾರಿ ಹೊತ್ತು ಹೇಳುವ ಅಂಕಿ ಇದು. 20 ದಾಟಿದರೆ ಈ ಭರವಸೆ ಇಲ್ಲ ಎಂದು ಅಡಿಟಿಪ್ಪಣಿಯಲ್ಲಿ ಬಿಡಿಸಿಯೇ ಹೇಳಿದ್ದಾರೆ. ಆರ್ಡುಯಿನೊದವರ ಊನೊ ಪುಟದಲ್ಲೂ ಪಿನ್ನಿನ ಕರೆಂಟು 40 ಎಂದೇ ಮೊದಲು ನಮೂದಾಗಿತ್ತು. ಆಮೇಲೆ ಅದು 20 ಆಯಿತು. ಚಿಪ್ಪು ಬದಲಾಗಿರಲಿಲ್ಲ.

ಈ 4.2 ವೋಲ್ಟ್ ಎಂಬ ಅಂಕಿಯಲ್ಲಿ ಇನ್ನೊಂದು ಮಾಹಿತಿ ಅಡಗಿದೆ. 5 ವೋಲ್ಟ್ ಕೊಟ್ಟದ್ದು 4.2 ಆಗಿ ಹೊರಬಂತು ಎಂದರೆ 0.8 ವೋಲ್ಟ್ ಪಿನ್ನಿನೊಳಗೇ ಉಳಿಯಿತು. 0.8 ವೋಲ್ಟನ್ನು 20 ಮಿಲಿಆಂಪಿನಿಂದ ಭಾಗಿಸಿದರೆ 40 ಓಮ್. ಅಂದರೆ ಪಿನ್ನು ತಂತಿಯ ತುಂಡಲ್ಲ. ಅದರೊಳಗೆ ಒಂದು ಪುಟ್ಟ ಟ್ರಾನ್ಸಿಸ್ಟರ್ ಇದೆ, ಅದಕ್ಕೆ ತನ್ನದೇ ಆದ ರೋಧವಿದೆ. ತೀರಾ ಕೆಟ್ಟ ಸಂದರ್ಭದಲ್ಲಿ ಅದು 40 ಓಮ್ ಮುಟ್ಟಬಹುದು. ಅದೇ ಡೇಟಾಶೀಟಿನಲ್ಲಿ ಮುಂದೆ ಬರುವ ಗ್ರಾಫುಗಳನ್ನು ನೋಡಿದರೆ ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಅದು ಸುಮಾರು 25 ಓಮ್.

ಈಗ ನಮ್ಮ ನೀಲಿ ರಿಲೇಗೆ ಬರೋಣ. 5 ವೋಲ್ಟಿನ ಆ ರಿಲೇಯ ಸುರುಳಿಯ ರೋಧ ಸುಮಾರು 70 ಓಮ್. 5 ವೋಲ್ಟ್ ಪೂರ್ತಿಯಾಗಿ ಅದರ ಮೇಲೆ ಬಿದ್ದರೆ 71 ಮಿಲಿಆಂಪ್ ಹರಿಯಬೇಕು. ಆದರೆ ಪಿನ್ನಿನೊಳಗಿನ 25 ಓಮ್ ಕೂಡ ದಾರಿಯಲ್ಲಿದೆಯಲ್ಲ. 70 ಮತ್ತು 25 ಕೂಡಿದರೆ 95. 5 ವೋಲ್ಟನ್ನು 95 ಓಮಿನಿಂದ ಭಾಗಿಸಿದರೆ ಸುಮಾರು 53 ಮಿಲಿಆಂಪ್. ಆಗ ಸುರುಳಿಯ ಮೇಲೆ ಬೀಳುವುದು 3.7 ವೋಲ್ಟಿನ ಆಸುಪಾಸು. ಉಳಿದ 1.3 ವೋಲ್ಟ್ ಚಿಪ್ಪಿನೊಳಗೆ ಬಿಸಿಯಾಗುತ್ತದೆ.

ರಿಲೇಗೂ ಒಂದು ಡೇಟಾಶೀಟ್ ಇದೆ. ಈ ಜಾತಿಯ ರಿಲೇ ತನ್ನ ವೋಲ್ಟೇಜಿನ ಶೇಕಡ 75ರೊಳಗೆ ಎಳೆದುಕೊಳ್ಳುತ್ತದೆ ಎಂದು ಅದರಲ್ಲಿರುತ್ತದೆ. 5 ವೋಲ್ಟಿನ ಮುಕ್ಕಾಲು ಭಾಗ 3.75. ನಮ್ಮ ಸುರುಳಿಗೆ ಸಿಕ್ಕಿದ್ದು 3.7. ಆ ಹುಡುಗ ಕೇಳಿಕೊಳ್ಳದ ಪ್ರಶ್ನೆಗೆ ಉತ್ತರ ಇಲ್ಲಿದೆ. ರಿಲೇ ಕೇಳಿದ 71 ಅದಕ್ಕೆ ಸಿಗಲಿಲ್ಲ. ಪಿನ್ನು ಕುಸಿದು ಕೊಟ್ಟಷ್ಟರಲ್ಲೇ ಅದು ಹೊಸ್ತಿಲ ಮೇಲೆ ನಿಂತು ಟಕ್ ಎಂದಿತು. ಪಿನ್ನಿನಿಂದ ಮಾತ್ರ ಪರಮ ಮಿತಿಯನ್ನು ದಾಟಿ 53 ಮಿಲಿಆಂಪ್ ಹರಿಯಿತು. ರಿಲೇಗೂ ಪೂರ್ತಿ ದಕ್ಕಲಿಲ್ಲ, ಪಿನ್ನಿಗೂ ಪೆಟ್ಟು ತಪ್ಪಲಿಲ್ಲ.

ಹೊಸ್ತಿಲ ಮೇಲೆ ನಿಂತ ರಿಲೇ ಯಾವತ್ತು ಮುನಿಸಿಕೊಳ್ಳುತ್ತದೆ ಎಂದು ಊಹಿಸಬಹುದು. ಇದೇ ಬೋರ್ಡನ್ನು ಬೆಂಗಳೂರಿನ ಕಾಲೇಜಿನ ಫ್ಯಾನಿನಡಿಯಿಂದ ತೆಗೆದು ರಾಯಚೂರಿನ ಹೊಲದಲ್ಲಿ, ಏಪ್ರಿಲ್ ತಿಂಗಳ ಮಧ್ಯಾಹ್ನ, ಮುಚ್ಚಳ ಹಾಕಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡಿ. ಸುರುಳಿಯ ತಾಮ್ರದ ತಂತಿಯ ರೋಧ ಪ್ರತಿ 10 ಡಿಗ್ರಿ ಬಿಸಿಗೆ ಸುಮಾರು ಶೇಕಡ 4ರಷ್ಟು ಏರುತ್ತದೆ. ಅಷ್ಟೇ ಎಳೆತಕ್ಕೆ ಹೆಚ್ಚು ವೋಲ್ಟೇಜು ಬೇಕಾಗುತ್ತದೆ. ಪಿನ್ನಿನೊಳಗಿನ ಟ್ರಾನ್ಸಿಸ್ಟರಿನ ರೋಧವೂ ಬಿಸಿಯಲ್ಲಿ ಹೆಚ್ಚುತ್ತದೆ, ಆದ್ದರಿಂದ ಸಿಗುವ ವೋಲ್ಟೇಜು ಇನ್ನೂ ಇಳಿಯುತ್ತದೆ. ಫೋನ್ ಚಾರ್ಜರಿನಿಂದ ಬರುವ 5 ವೋಲ್ಟು ಉದ್ದದ ತೆಳು ಕೇಬಲ್ಲಿನಲ್ಲಿ 4.7ಕ್ಕೆ ಇಳಿದಿದ್ದರೆ ಕೇಳುವುದೇ ಬೇಡ. ಬೆಳಿಗ್ಗೆ ಟಕ್ ಎಂದ ರಿಲೇ ಮಧ್ಯಾಹ್ನ ಸುಮ್ಮನಿರುತ್ತದೆ. ರೈತ ಪ್ರೋಗ್ರಾಂ ಕೆಟ್ಟಿತು ಎಂದುಕೊಳ್ಳುತ್ತಾನೆ, ಹುಡುಗ ಸೆನ್ಸರನ್ನು ಬೈಯುತ್ತಾನೆ.

ಪಿನ್ನಿಗೆ ಆಗುವುದೇನು? ಜನ ಹೊಗೆಯನ್ನು ನಿರೀಕ್ಷಿಸುತ್ತಾರೆ. ಹೊಗೆ ಬರುವುದಿಲ್ಲ, ಅದೇ ತೊಂದರೆ. 53 ಮಿಲಿಆಂಪನ್ನು 1.3 ವೋಲ್ಟಿನಿಂದ ಗುಣಿಸಿದರೆ 70 ಮಿಲಿವಾಟ್ ಕೂಡ ಆಗುವುದಿಲ್ಲ. ಬೆರಳಿಟ್ಟರೆ ಚಿಪ್ಪು ಬಿಸಿ ಎಂದೂ ತಿಳಿಯದು. ಆದರೆ ಆ ಕರೆಂಟು ಹರಿಯುವ ದಾರಿ ಚಿಪ್ಪಿನೊಳಗೆ ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಲೋಹದ ಗೆರೆ. ಅಷ್ಟು ಕಿರಿದಾದ ಜಾಗದಲ್ಲಿ ಕರೆಂಟಿನ ಸಾಂದ್ರತೆ ಹೆಚ್ಚಿದರೆ, ಹರಿಯುವ ಎಲೆಕ್ಟ್ರಾನುಗಳು ಲೋಹದ ಪರಮಾಣುಗಳನ್ನೇ ನಿಧಾನವಾಗಿ ಮುಂದಕ್ಕೆ ತಳ್ಳುತ್ತವೆ. ಒಂದು ಕಡೆ ಗೆರೆ ಸವೆದು ಟೊಳ್ಳಾಗುತ್ತದೆ, ಇನ್ನೊಂದು ಕಡೆ ಲೋಹ ಗುಡ್ಡೆ ಬೀಳುತ್ತದೆ. ಎಲೆಕ್ಟ್ರೋಮೈಗ್ರೇಷನ್ ಎಂದು ಇದಕ್ಕೆ ಹೆಸರು. ಮೊಟೊರೋಲಾದಲ್ಲಿದ್ದ ಜೇಮ್ಸ್ ಬ್ಲ್ಯಾಕ್ ಎಂಬ ಎಂಜಿನಿಯರ್ 1960ರ ದಶಕದಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಅದರ ಪ್ರಕಾರ ಕರೆಂಟಿನ ಸಾಂದ್ರತೆ ಎರಡರಷ್ಟಾದರೆ ಗೆರೆಯ ಆಯುಸ್ಸು ಸರಿಸುಮಾರು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಉಷ್ಣತೆ ಏರಿದರೆ ಅದಕ್ಕಿಂತ ವೇಗವಾಗಿ ಕುಗ್ಗುತ್ತದೆ. ಡೇಟಾಶೀಟಿನ ಟಿಪ್ಪಣಿ ಬಾಳಿಕೆಯ ಮಾತು ಎತ್ತುವುದಕ್ಕೆ ಇದೂ ಒಂದು ಕಾರಣ.

ಕರೆಂಟಿನ ಸಾಲನ್ನಷ್ಟೇ ನೋಡಿದವರು ತಪ್ಪಿಸಿಕೊಳ್ಳುವ ಇನ್ನೊಂದು ಪೆಟ್ಟು ಇದೆ. ಅದು ಬೀಳುವುದು ರಿಲೇಯನ್ನು ಆರಿಸುವಾಗ. ಸುರುಳಿಯಲ್ಲಿ ಹರಿಯುತ್ತಿದ್ದ ಕರೆಂಟು ಥಟ್ಟನೆ ನಿಲ್ಲುವುದಿಲ್ಲ. ಅದು ಹರಿಯುವುದಕ್ಕೆ ಯಾವುದಾದರೂ ದಾರಿ ಹುಡುಕುತ್ತದೆ. ಪ್ರೋಗ್ರಾಂ ಪಿನ್ನನ್ನು ಲೋ ಮಾಡಿದ ಕ್ಷಣ ಆ 53 ಮಿಲಿಆಂಪು ಗ್ರೌಂಡಿನಿಂದ ಹೊರಟು ಪಿನ್ನಿನೊಳಗಿಂದಲೇ ಹಾದು ಮತ್ತೆ ಸುರುಳಿಗೆ ಹೋಗುತ್ತದೆ. ಅದು ಹಾಗೆ ಹಿಂದುಮುಂದಾಗಿ ಹರಿಯುವಾಗ ಪಿನ್ನಿನ ವೋಲ್ಟೇಜು ಸೊನ್ನೆಗಿಂತ ಕೆಳಕ್ಕೆ, ಸುಮಾರು ಮುಕ್ಕಾಲು ವೋಲ್ಟಿನಷ್ಟು ಇಳಿಯುತ್ತದೆ. ಚಿಪ್ಪಿನೊಳಗೆ ರಕ್ಷಣೆಗೆಂದು ಇರುವ ಡಯೋಡು ಅದನ್ನು ಅಲ್ಲಿ ತಡೆದು ನಿಲ್ಲಿಸುತ್ತದೆ, ಹಾಗಾಗಿ ನೂರಾರು ವೋಲ್ಟಿನ ಕಿಡಿಯೇನೂ ಹಾರುವುದಿಲ್ಲ. ಆದರೆ ಪರಮ ಮಿತಿಯ ಪಟ್ಟಿ ಹೇಳಿದ್ದು ಅರ್ಧ ವೋಲ್ಟ್. ಅಂದರೆ ಹೊತ್ತಿಸುವಾಗ ಪಟ್ಟಿಯ ಒಂದು ಸಾಲು ಮುರಿಯಿತು, ಆರಿಸುವಾಗ ಇನ್ನೊಂದು. ಆ ಡಯೋಡು ಇರುವುದು ಕೈಯಿಂದ ಚಿಮ್ಮುವ ಸ್ಥಾಯೀವಿದ್ಯುತ್ತನ್ನು ತಡೆಯಲು. ಪ್ರತಿ ಸಲ ಪಂಪು ನಿಂತಾಗಲೂ ಸುರುಳಿಯ ಕರೆಂಟನ್ನು ಹೊರಲು ಅಲ್ಲ. ಹೀಗೆ ಸೊನ್ನೆಯ ಕೆಳಗಿಳಿದ ಪಿನ್ನು ಚಿಪ್ಪಿನ ಒಡಲಿಗೆ ಅಡ್ಡದಾರಿಯ ಕರೆಂಟನ್ನು ಬಿಡುತ್ತದೆ. ರಿಲೇ ಆರಿದಾಗಲೆಲ್ಲ ಪ್ರೋಗ್ರಾಂ ಮೊದಲಿನಿಂದ ಶುರುವಾಗುತ್ತಿದ್ದರೆ, ಅನಲಾಗ್ ಸೆನ್ಸರಿನ ಅಂಕಿ ಒಮ್ಮೆ ಜಿಗಿದು ಸರಿಹೋಗುತ್ತಿದ್ದರೆ, ಮೊದಲ ಅನುಮಾನ ಇಲ್ಲಿಗೇ ಹೋಗಬೇಕು.

ಪೆಟ್ಟು ತಿಂದ ಪಿನ್ನನ್ನು ಗುರುತಿಸುವುದಕ್ಕೆ ದೊಡ್ಡ ಲ್ಯಾಬ್ ಬೇಕಿಲ್ಲ. 330 ಓಮಿನ ಒಂದು ರೆಸಿಸ್ಟರ್, ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಪಿನ್ನನ್ನು ಹೈ ಮಾಡಿ ಬರಿದಾಗಿ ಅಳೆಯಿರಿ. ಕೆಟ್ಟ ಪಿನ್ನೂ 5 ವೋಲ್ಟ್ ತೋರಿಸಬಹುದು, ಏಕೆಂದರೆ ಮೀಟರು ಕರೆಂಟನ್ನು ಎಳೆಯುವುದೇ ಇಲ್ಲ ಎನ್ನಬೇಕು. ಇಷ್ಟಕ್ಕೇ ಪಿನ್ನು ಸರಿಯಿದೆ ಎಂದು ಬಿಟ್ಟುಬಿಡುವವರೇ ಹೆಚ್ಚು. ಈಗ ಪಿನ್ನಿಗೂ ಗ್ರೌಂಡಿಗೂ ನಡುವೆ ಆ ರೆಸಿಸ್ಟರ್ ಇಟ್ಟು ಮತ್ತೆ ಅಳೆಯಿರಿ. ಸುಮಾರು 14 ಮಿಲಿಆಂಪ್ ಹರಿಯುತ್ತದೆ, ಆರೋಗ್ಯವಾಗಿರುವ ಪಿನ್ನು 4.6 ವೋಲ್ಟಿನ ಆಸುಪಾಸು ನಿಲ್ಲುತ್ತದೆ. ಅದೇ ಬೋರ್ಡಿನ ಎಂದೂ ಬಳಸದ ಇನ್ನೊಂದು ಪಿನ್ನಿನಲ್ಲೂ ಇದನ್ನೇ ಮಾಡಿ ಹೋಲಿಸಿ. ಬಳಸದ ಪಿನ್ನು 4.6 ತೋರಿಸಿ, ರಿಲೇ ಇದ್ದ ಪಿನ್ನು 4ಕ್ಕೋ 3ಕ್ಕೋ ಕುಸಿದರೆ ಮುಚ್ಚಿಡುವಂಥದ್ದೇನೂ ಉಳಿಯಲಿಲ್ಲ. ರೆಸಿಸ್ಟರನ್ನು 5 ವೋಲ್ಟಿನ ಕಡೆಗೆ ಕಟ್ಟಿ, ಪಿನ್ನನ್ನು ಲೋ ಮಾಡಿಯೂ ನೋಡಬೇಕು. ಮೇಲಿನ ಟ್ರಾನ್ಸಿಸ್ಟರ್ ಚೆನ್ನಾಗಿದ್ದು ಕೆಳಗಿನದು ಮಾತ್ರ ಕೆಟ್ಟಿರುವುದೂ ಉಂಟು.

ಸರಿ, ರಿಲೇಯನ್ನು ಓಡಿಸುವುದು ಹೇಗೆ? ನಡುವೆ ಒಂದು ಟ್ರಾನ್ಸಿಸ್ಟರ್ ಇಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಟ್ರಾನ್ಸಿಸ್ಟರ್ ಕೊಡಿ ಎಂದರೆ ಕೈಗೆ ಬರುವುದು ಬಹುಮಟ್ಟಿಗೆ ಬಿಸಿ 547. ಅದರ ಡೇಟಾಶೀಟಿನ ಪರಮ ಮಿತಿ ನೋಡಿ: ಕಲೆಕ್ಟರ್ ಕರೆಂಟು 100 ಮಿಲಿಆಂಪ್. ನಮ್ಮ ಸುರುಳಿಗೆ 71. ದಾಟಿಲ್ಲ, ಒಪ್ಪಿದೆ, ಆದರೆ ನಾವು ಹೊರಟದ್ದೇ ಈ ಪಟ್ಟಿಯ ಅಂಕಿಗಳ ಹತ್ತಿರ ವಾಸ ಮಾಡಬಾರದು ಎಂದು. ನಾಳೆ ಇನ್ನೊಂದು ಕಂಪನಿಯ ರಿಲೇ 90 ಕೇಳಿದರೆ? ಅಷ್ಟೇ ದುಡ್ಡಿಗೆ ಸಿಗುವ 2ಎನ್2222 ತೆಗೆದುಕೊಳ್ಳುವುದು ಮೇಲು. ತಯಾರಕರನ್ನು ಅನುಸರಿಸಿ ಅದರ ಮಿತಿ 600 ಅಥವಾ 800 ಮಿಲಿಆಂಪ್ ಇರುತ್ತದೆ. ನಮ್ಮ 71 ಅದರಲ್ಲಿ ಎಲ್ಲೋ ಮೂಲೆಯಲ್ಲಿ ಕೂರುತ್ತದೆ.

ಟ್ರಾನ್ಸಿಸ್ಟರನ್ನು ಸ್ವಿಚ್ಚಿನಂತೆ ಪೂರ್ತಿ ತೆರೆಯಬೇಕಾದರೆ ಬೇಸಿಗೆ ಕಲೆಕ್ಟರ್ ಕರೆಂಟಿನ ಹತ್ತನೇ ಒಂದು ಭಾಗ ಕೊಡುವುದು ರೂಢಿ. ಗೇನ್ 200 ಇದೆಯಲ್ಲ, ಅರ್ಧ ಮಿಲಿಆಂಪ್ ಸಾಕು ಎನ್ನುವವರಿದ್ದಾರೆ; ಆ 200 ಟ್ರಾನ್ಸಿಸ್ಟರ್ ಅರ್ಧ ತೆರೆದಿರುವಾಗಿನ ಲೆಕ್ಕ, ಪೂರ್ತಿ ತೆರೆದಾಗಿನದಲ್ಲ. 71ರ ಹತ್ತನೇ ಒಂದು ಎಂದರೆ 7 ಮಿಲಿಆಂಪ್. ಪಿನ್ನು 7 ಮಿಲಿಆಂಪ್ ಕೊಡುವಾಗ ತನ್ನೊಳಗೆ 0.2 ವೋಲ್ಟ್ ಇಟ್ಟುಕೊಳ್ಳುತ್ತದೆ, ಬೇಸ್ ಮತ್ತು ಎಮಿಟರ್ ನಡುವೆ 0.7 ಹೋಗುತ್ತದೆ. 5 ವೋಲ್ಟಿನಲ್ಲಿ ಉಳಿದದ್ದು 4.1. ಅದನ್ನು 7 ಮಿಲಿಆಂಪಿನಿಂದ ಭಾಗಿಸಿದರೆ 585 ಓಮ್. ಬೇಸಿಗೆ ಹಾಕಲು ಅಂಗಡಿಯಲ್ಲಿ ಸಿಗುವ ಹತ್ತಿರದ ರೆಸಿಸ್ಟರ್ 560 ಓಮ್. ಪಿನ್ನಿನಿಂದ ಹೋಗುವುದು 7ರ ಆಸುಪಾಸು. ಭರವಸೆಯ 20ರಲ್ಲಿ ಮೂರನೇ ಒಂದು ಭಾಗ.

ಸುರುಳಿಗೆ ಅಡ್ಡಲಾಗಿ ಒಂದು 1ಎನ್4007 ಡಯೋಡನ್ನು ಕೂರಿಸಬೇಕು, ಅದರ ಬೆಳ್ಳಿ ಗೆರೆಯ ತುದಿ 5 ವೋಲ್ಟಿನ ಕಡೆಗೆ. ಆರಿಸಿದಾಗ ದಾರಿ ಹುಡುಕುವ ಕರೆಂಟು ಆ ಡಯೋಡಿನಲ್ಲೇ ಸುತ್ತಿ ಸುತ್ತಿ ಕರಗುತ್ತದೆ. ಇಲ್ಲಿ ಡಯೋಡು ಮರೆತರೆ ಟ್ರಾನ್ಸಿಸ್ಟರ್ ಸಾಯುತ್ತದೆ. ನೇರ ಪಿನ್ನಿಗೆ ಕಟ್ಟಿದಾಗ ಚಿಪ್ಪಿನ ಡಯೋಡಾದರೂ ಅಡ್ಡ ನಿಂತಿತ್ತು. ಈ ಜೋಡಣೆಯಲ್ಲಿ ಅಡ್ಡ ನಿಲ್ಲುವವರು ಯಾರೂ ಇಲ್ಲ, ಈಗ ಹತ್ತಾರು ವೋಲ್ಟು ನಿಜವಾಗಿಯೇ ಏಳುತ್ತದೆ. ಡಯೋಡನ್ನು ತಿರುಗುಮುರುಗಾಗಿ ಹಾಕಿದರೆ ಅದು 5 ವೋಲ್ಟಿಗೆ ಟ್ರಾನ್ಸಿಸ್ಟರಿನ ಮೂಲಕ ನೇರ ದಾರಿ ಮಾಡಿಕೊಡುತ್ತದೆ. ಬೆಳ್ಳಿ ಗೆರೆಯನ್ನು ಎರಡು ಸಲ ನೋಡಿ.

ರಿಲೇ ಮಾಡ್ಯೂಲ್ ಎಂದು ಸಿಗುವ ಪುಟ್ಟ ಬೋರ್ಡಿನಲ್ಲಿ ಈ ಟ್ರಾನ್ಸಿಸ್ಟರ್, ಡಯೋಡ್ ಎಲ್ಲ ಇರುತ್ತವೆ. ಅದರ ಇನ್‌ಪುಟ್ ಕೆಲವೇ ಮಿಲಿಆಂಪ್ ಕೇಳುತ್ತದೆ, ಅದನ್ನು ಪಿನ್ನಿಗೆ ನೇರ ಕಟ್ಟಬಹುದು. ಗೊಂದಲ ಹುಟ್ಟುವುದೇ ಇಲ್ಲಿ. ಮಾಡ್ಯೂಲಿನ ಚಿತ್ರ ನೋಡಿ, ಐದು ಕಾಲಿನ ಬರೀ ರಿಲೇಯನ್ನು ಕೊಂಡು ತಂದು ಹಾಗೇ ಕಟ್ಟುತ್ತಾರೆ.

ಇನ್ನು ಸೇರಿಕೆಯ ಲೆಕ್ಕ. ಒಂದೊಂದು ಪಿನ್ನೂ ಮಿತಿಯೊಳಗಿದ್ದು ಒಟ್ಟಿನಲ್ಲಿ ಮಿತಿ ಮೀರುವ ಪ್ರಸಂಗಗಳಿವೆ. ನನಗೆ ಇದರಲ್ಲಿ ಬಹಳ ಸ್ವಾರಸ್ಯ ಕಾಣುವುದು ಸೆವೆನ್ ಸೆಗ್ಮೆಂಟ್ ಡಿಸ್ಪ್ಲೇಯಲ್ಲಿ. ಅಂಕಿ ತೋರಿಸುವ ಕೆಂಪು ದೀಪಗಳ ಕಟ್ಟು ಅದು. ಏಳು ಗೀಟು, ಒಂದು ಚುಕ್ಕೆ. ಕಾಮನ್ ಕ್ಯಾಥೋಡ್ ಜಾತಿಯದಾದರೆ ಎಂಟೂ ಎಲ್‌ಇಡಿಗಳ ಇನ್ನೊಂದು ತುದಿ ಒಂದೇ ಕಾಲಿಗೆ ಸೇರಿರುತ್ತದೆ. ನಾಲ್ಕು ಅಂಕಿಯ ಡಿಸ್ಪ್ಲೇ ಆದರೆ ಅಂಥ ನಾಲ್ಕು ಕಾಲುಗಳು. ಪ್ರತಿ ಗೀಟಿಗೂ 330 ಓಮ್ ರೆಸಿಸ್ಟರ್ ಹಾಕಿ, 5 ವೋಲ್ಟಿನಲ್ಲಿ ಎಲ್‌ಇಡಿಯ 2 ವೋಲ್ಟ್ ಕಳೆದು, ಉಳಿದ 3 ವೋಲ್ಟನ್ನು 330ರಿಂದ ಭಾಗಿಸಿ ಗೀಟಿಗೆ 9 ಮಿಲಿಆಂಪ್ ಎಂದು ಹುಡುಗರು ಲೆಕ್ಕ ಬರೆಯುತ್ತಾರೆ. ಸರಿಯಾದ ಲೆಕ್ಕವೇ. ಆಮೇಲೆ ಆ ಸಾಮಾನ್ಯ ಕಾಲನ್ನು ಇನ್ನೊಂದು ಪಿನ್ನಿಗೆ ನೇರವಾಗಿ ಕಟ್ಟಿ ಲೋ ಮಾಡುತ್ತಾರೆ. ಚುಕ್ಕೆಯೂ ಸೇರಿ ಎಂಟೂ ಗೀಟಿನ ಕರೆಂಟು, ಎಂಟೊಂಬತ್ತಲ 72 ಮಿಲಿಆಂಪ್, ಈಗ ಆ ಒಂದೇ ಪಿನ್ನಿನೊಳಕ್ಕೆ ನುಗ್ಗಬೇಕು.

ಪೂರ್ತಿ 72 ಹರಿಯುವುದಿಲ್ಲ, ರಿಲೇಯಲ್ಲಿ ಕಂಡಂತೆ ಇಲ್ಲೂ ಪಿನ್ನು ಕುಸಿಯುತ್ತದೆ. ಕೆಳಗಿನ ಪಿನ್ನಿನ 25 ಓಮನ್ನು ಎಂಟು ಗೀಟುಗಳೂ ಹಂಚಿಕೊಳ್ಳುವುದರಿಂದ ಪ್ರತಿ ಗೀಟಿಗೂ ಅದು 200 ಓಮಿನಂತೆ ಕಾಣುತ್ತದೆ. ಲೆಕ್ಕ ಹಾಕಿದರೆ ಗೀಟಿಗೆ ಸುಮಾರು 5.4 ಮಿಲಿಆಂಪ್, ಒಟ್ಟು 43. ಮತ್ತೆ 40ರ ಆಚೆ! ಆದರೆ 1 ಎಂಬ ಅಂಕಿಗೆ ಎರಡೇ ಗೀಟು. ಆಗ ಗೀಟಿಗೆ 7.4 ಮಿಲಿಆಂಪ್ ಸಿಗುತ್ತದೆ. ಆದ್ದರಿಂದ ಈ ತಪ್ಪನ್ನು ಮೀಟರಿಲ್ಲದೆ ಕಣ್ಣಿನಿಂದಲೇ ಹಿಡಿಯಬಹುದು. ಗಡಿಯಾರದ ಡಿಸ್ಪ್ಲೇಯಲ್ಲಿ 1 ಪ್ರಕಾಶಮಾನವಾಗಿ, ಅದರ ಪಕ್ಕದ 8 ಮಂಕಾಗಿ ಉರಿಯುತ್ತಿದ್ದರೆ ಸಾಮಾನ್ಯ ಕಾಲಿನ ಪಿನ್ನು ಏದುಸಿರು ಬಿಡುತ್ತಿದೆ ಎಂದೇ ಅರ್ಥ.

ನಾಲ್ಕು ಅಂಕಿಗಳನ್ನು ಸರದಿಯಲ್ಲಿ ಹೊತ್ತಿಸುತ್ತೇವೆ, ಸರಾಸರಿ ನಾಲ್ಕನೇ ಒಂದು ಭಾಗ ತಾನೇ ಎಂಬ ವಾದವೂ ಉಂಟು. ಪಟ್ಟಿಯಲ್ಲಿ ಸರಾಸರಿಗೆಂದು ಬೇರೆ ರಿಯಾಯಿತಿ ಕೊಟ್ಟಿಲ್ಲ. ಪ್ರೋಗ್ರಾಂ ಯಾವುದೋ ಸೆನ್ಸರಿಗಾಗಿ ಕಾಯುತ್ತ ಒಂದೇ ಅಂಕಿಯ ಮೇಲೆ ನಿಂತುಬಿಟ್ಟರೆ ಆ ಸರಾಸರಿಯೂ ಹೋಯಿತು. ಸಾಮಾನ್ಯ ಕಾಲಿಗೂ ಒಂದು ಟ್ರಾನ್ಸಿಸ್ಟರ್ ಹಾಕುವುದೇ ದಾರಿ.

ಹೀಗೆ ಕೂಡುವ ಲೆಕ್ಕ ಪಿನ್ನಿಗೇ ಮುಗಿಯುವುದಿಲ್ಲ. ನಾನು ಆಗಲೇ ಹೇಳಿದ ಅಡಿಟಿಪ್ಪಣಿಯಲ್ಲಿ ಪಿನ್ನುಗಳನ್ನು ಗುಂಪು ಮಾಡಿದ್ದಾರೆ. ಊನೊ ಬೋರ್ಡಿನ ಭಾಷೆಯಲ್ಲಿ ಹೇಳುವುದಾದರೆ 0ಯಿಂದ 4ರವರೆಗಿನ ಪಿನ್ನುಗಳು ಒಂದು ಗುಂಪು, 5ರಿಂದ 13ರವರೆಗಿನವು ಇನ್ನೊಂದು, ಅನಲಾಗ್ ಪಿನ್ನುಗಳು ಮತ್ತೊಂದು. ಒಳಕ್ಕೆ ಬರುವ ಕರೆಂಟು ಒಂದೊಂದು ಗುಂಪಿಗೆ ಒಟ್ಟು 100 ಮಿಲಿಆಂಪ್ ಮೀರಬಾರದು. ಹೊರಕ್ಕೆ ಹೋಗುವುದಕ್ಕೆ ಗುಂಪುಗಳು ಎರಡೇ: 0ಯಿಂದ 4 ಮತ್ತು ಅನಲಾಗ್ ಪಿನ್ನುಗಳು ಸೇರಿ ಒಂದು, 5ರಿಂದ 13 ಇನ್ನೊಂದು; ಗುಂಪಿಗೆ 150. ಇದರ ಮೇಲೆ ಇಡೀ ಚಿಪ್ಪಿನ 200. ಒಂದು ಪಿನ್ನಿಗೆ 18 ಮಿಲಿಆಂಪಿನಂತೆ 5ರಿಂದ 13ರವರೆಗೆ ಒಂಬತ್ತು ಎಲ್‌ಇಡಿಗಳನ್ನು ಕಟ್ಟಿದರೆ ಒಂದೊಂದೂ ನಿರ್ದೋಷಿ, ಒಟ್ಟು 162. ಅದೇ ಎಲ್‌ಇಡಿಗಳಲ್ಲಿ ನಾಲ್ಕನ್ನು ಅನಲಾಗ್ ಪಿನ್ನುಗಳಿಗೆ ಎತ್ತಿ ಹಾಕಿದರೆ ಎರಡು ಗುಂಪಿಗೂ ನೆಮ್ಮದಿ. ಪೈಸೆ ಖರ್ಚಿಲ್ಲ.

ಪಟ್ಟಿಯ ವೋಲ್ಟೇಜಿನ ಸಾಲಿನ ಬಗ್ಗೆ ಒಂದು ಮಾತು. ಪಿನ್ನಿನ ಮೇಲಿನ ಮಿತಿ 5.5 ವೋಲ್ಟ್ ಎಂದು ಬರೆದಿಲ್ಲ. ಪೂರೈಕೆಗಿಂತ ಅರ್ಧ ವೋಲ್ಟ್ ಹೆಚ್ಚು ಎಂದು ಬರೆದಿದೆ. ಪೂರೈಕೆ 5 ಇದ್ದರೆ ಮಿತಿ 5.5. ಬೋರ್ಡಿನ ಯುಎಸ್‌ಬಿ ಕಿತ್ತು ಪೂರೈಕೆ ಸೊನ್ನೆಯಾದರೆ? ಮಿತಿಯೂ ಅರ್ಧ ವೋಲ್ಟಿಗೆ ಇಳಿಯಿತು. ಸೆನ್ಸರಿಗೆ ಬೇರೆ ಅಡಾಪ್ಟರ್ ಇದ್ದು ಅದು ಇನ್ನೂ 5 ವೋಲ್ಟ್ ಕಳಿಸುತ್ತಿದ್ದರೆ, ಆ ಕರೆಂಟು ಪಿನ್ನಿನ ರಕ್ಷಣಾ ಡಯೋಡಿನ ಮೂಲಕ ನುಗ್ಗಿ ಇಡೀ ಚಿಪ್ಪಿಗೆ ಹಿತ್ತಲ ಬಾಗಿಲಿನಿಂದ ಪೂರೈಕೆ ಮಾಡುತ್ತದೆ. ಕೇಬಲ್ ಕಿತ್ತರೂ ಬೋರ್ಡಿನ ಹಸಿರು ದೀಪ ಮಂಕಾಗಿ ಉರಿಯುತ್ತಲೇ ಇದ್ದರೆ ಕಾರಣ ಇದು. ಎಷ್ಟೋ ಜನ ಇದನ್ನು ಕಂಡು ನಕ್ಕು ಸುಮ್ಮನಾಗುತ್ತಾರೆ. ಸೆನ್ಸರಿಗೂ ಬೋರ್ಡಿಗೂ ಒಂದೇ ಕಡೆಯಿಂದ ಪೂರೈಕೆ ಕೊಡಿ. ಆಗದಿದ್ದರೆ ಆ ತಂತಿಯಲ್ಲಿ 10 ಸಾವಿರ ಓಮಿನ ಒಂದು ರೆಸಿಸ್ಟರ್ ಇಟ್ಟರೆ ನುಗ್ಗುವ ಕರೆಂಟು ಅರ್ಧ ಮಿಲಿಆಂಪ್ ದಾಟುವುದಿಲ್ಲ.

ಇಷ್ಟೂ ಹೇಳಿದ್ದು ಒಂದು ಚಿಪ್ಪಿನ ಕಥೆ. ಈ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು ಇನ್ನೊಂದು ಬೋರ್ಡಿಗೆ ಹೋದರೆ ಕೆಡುಕೇ. ರಾಸ್ಪ್‌ಬೆರಿ ಪೈ ಪೀಕೊದಲ್ಲಿರುವ ಆರ್‌ಪಿ2040 ಚಿಪ್ಪಿನ ಎಲ್ಲ ಪಿನ್ನುಗಳೂ ಸೇರಿ ಹೊರಕ್ಕೆ ಕೊಡಬಹುದಾದದ್ದು 50 ಮಿಲಿಆಂಪ್. ಊನೊದಲ್ಲಿ ನೆಮ್ಮದಿಯಾಗಿದ್ದ ಒಂಬತ್ತು ಎಲ್‌ಇಡಿಗಳು ಅಲ್ಲಿ ಎರಡಕ್ಕೆ ನಿಲ್ಲಬೇಕು. ಬ್ಲೂ ಪಿಲ್ ಎಂಬ ಅಗ್ಗದ ಬೋರ್ಡಿನ ಎಸ್‌ಟಿಎಂ32ಎಫ್103 ಚಿಪ್ಪಿನಲ್ಲಿ ಪಿನ್ನಿನ ಪರಮ ಮಿತಿ 25 ಮಿಲಿಆಂಪ್. ಆದರೆ ಸಿ13, ಸಿ14, ಸಿ15 ಎಂಬ ಮೂರು ಪಿನ್ನುಗಳಿಗೆ ಅಡಿಟಿಪ್ಪಣಿಯೇ ಬೇರೆ. ಅವು ಚಿಪ್ಪಿನೊಳಗಿನ ಒಂದು ಸಣ್ಣ ಸ್ವಿಚ್ಚಿನ ಮೂಲಕ ಪೂರೈಕೆ ಪಡೆಯುವುದರಿಂದ 3 ಮಿಲಿಆಂಪ್ ಮಾತ್ರ ತಾಳುತ್ತವೆ, ಅದೂ ಒಳಕ್ಕೆ. ಎಲ್‌ಇಡಿಗೆ ಕರೆಂಟು ಕೊಡಲು ಇವನ್ನು ಬಳಸಬೇಡಿ ಎಂದು ಹೆಸರು ಹಿಡಿದೇ ಬರೆದಿದ್ದಾರೆ. ಆ ಬೋರ್ಡಿನ ಮೇಲಿರುವ ಎಲ್‌ಇಡಿ ಸಿ13ಕ್ಕೇ ಸೇರಿದೆ. ಅದಕ್ಕೇ ಅದರ ಇನ್ನೊಂದು ತುದಿಯನ್ನು ಗ್ರೌಂಡಿಗೆ ಕಟ್ಟದೆ 3.3 ವೋಲ್ಟಿಗೆ ಕಟ್ಟಿದ್ದಾರೆ, ಮತ್ತು ಅದಕ್ಕೇ ಆ ಪಿನ್ನಿಗೆ 1 ಬರೆದರೆ ದೀಪ ಆರುತ್ತದೆ, 0 ಬರೆದರೆ ಹತ್ತುತ್ತದೆ.